ದಿನಕ್ಕೆ 450 ಪದ: ಕಾದಂಬರಿಯ ಮೊದಲ ಕರಡು ಮುಗಿದ ಲೆಕ್ಕ

ದಿನಕ್ಕೆ 450 ಪದ ಅಂದಾಗ ಬರೆಯುವ ಸ್ನೇಹಿತರು ನಕ್ಕಿದ್ದರು. "ಅಷ್ಟರಲ್ಲಿ ಒಂದು ಪತ್ರ ಬರೀಬಹುದು, ಕಾದಂಬರಿ ಅಲ್ಲ" ಅಂತ. ಇಪ್ಪತ್ತನೇ ವಾರದಲ್ಲಿ 40,000 ಪದ ದಾಟಿ ಕರಡು ಮುಗಿಯಿತು. ನಕ್ಕವರಲ್ಲಿ ಇಬ್ಬರ ಕಾದಂಬರಿ ಇನ್ನೂ ಮೂರನೇ ಅಧ್ಯಾಯದಲ್ಲೇ ಇದೆ. ಇಷ್ಟು ಹೇಳಿಕೊಳ್ಳುವ ಹಕ್ಕು ನನಗಿದೆ ಅಂದುಕೊಂಡಿದ್ದೇನೆ.

ಇದಕ್ಕೂ ಮೊದಲು ಎರಡು ಸಲ ಶುರುಮಾಡಿ ಕೆಟ್ಟಿತ್ತು. ಅದು ಸೋಮಾರಿತನದಿಂದ ಅಲ್ಲ, ಗುರಿಯನ್ನು ಇಂಗ್ಲಿಷಿನಿಂದ ಎತ್ತಿಕೊಂಡದ್ದರಿಂದ. ನವೆಂಬರ್ ತಿಂಗಳಲ್ಲಿ 50,000 ಪದ ಬರೆಯುವ ಆ ಅಮೆರಿಕದ ಸವಾಲು ಎಲ್ಲರಿಗೂ ಗೊತ್ತು. ದಿನಕ್ಕೆ 1,667 ಪದ. ಅದನ್ನೇ ಕನ್ನಡಕ್ಕೆ ಹಾಕಿಕೊಂಡೆ, ಹನ್ನೊಂದನೇ ದಿನ ಮಕಾಡೆ ಮಲಗಿತು. ಆಮೇಲೆ ನನ್ನದೇ ಬರಹದ ಒಂದು ಪುಟವನ್ನು ಎರಡೂ ಭಾಷೆಯಲ್ಲಿ ಬರೆದು ಎಣಿಸಿದಾಗ ಕಾರಣ ಹೊಳೆಯಿತು. ಇಂಗ್ಲಿಷಿನಲ್ಲಿ ಮುನ್ನೂರರ ಹತ್ತಿರ ಬಂದದ್ದು ಕನ್ನಡದಲ್ಲಿ ಇನ್ನೂರರ ಆಸುಪಾಸು. "ಮನೆಯೊಳಗಿನಿಂದ" ಅನ್ನುವ ಒಂದು ಪದಕ್ಕೆ ಅಲ್ಲಿ ನಾಲ್ಕು ಪದ ಬೇಕು. "ಹೇಳಬೇಕಾಗಿತ್ತಂತೆ" ಅನ್ನುವುದಕ್ಕೆ ಇನ್ನೂ ಹೆಚ್ಚು. ಅಂದರೆ ಕನ್ನಡದಲ್ಲಿ 1,667 ಪದ ಬರೆಯುವವರು ಇಂಗ್ಲಿಷಿನ 2,500 ಪದದಷ್ಟು ಕೆಲಸ ಮಾಡುತ್ತಿದ್ದಾರೆ. ಆ ಸವಾಲನ್ನು ಮಾಡಲೇಬೇಕು ಅನ್ನುವವರು 1,100 ಅಂತ ಇಟ್ಟುಕೊಂಡರೆ ಸಮ. ನೌಕರಿ ಇರುವವರಿಗೆ ಅದೂ ಹೆಚ್ಚೇ.

ಒಟ್ಟು ಎಷ್ಟು ಬರೆಯಬೇಕು ಅನ್ನುವುದನ್ನೂ ಪದದಿಂದ ಶುರುಮಾಡಬಾರದು, ಪುಟದಿಂದ ಶುರುಮಾಡಬೇಕು. ಡೆಮಿ 1/8 ಅಳತೆಯ ಪುಸ್ತಕ, ಪುಟಕ್ಕೆ 27 ಸಾಲು, ಸಾಲಿಗೆ ಏಳೋ ಎಂಟೋ ಪದ. ತುಂಬಿದ ಪುಟ ಇನ್ನೂರಕ್ಕೆ ಬರುತ್ತದೆ. ಸಂಭಾಷಣೆಯ ತುಂಡು ಸಾಲು, ಅಧ್ಯಾಯದ ಕೊನೆಯ ಖಾಲಿ ಜಾಗ ಕಳೆದರೆ 180 ಅಂತ ಹಿಡಿಯಬಹುದು. 220 ಪುಟದ ಕಾದಂಬರಿ ಅಂದರೆ ಹತ್ತಿರ ಹತ್ತಿರ 40,000 ಪದ. ಇಂಗ್ಲಿಷ್ ಮಾರ್ಗದರ್ಶಿಗಳಲ್ಲಿ ಹೇಳುವ ಎಂಬತ್ತು ಸಾವಿರವನ್ನು ಕನ್ನಡದಲ್ಲಿ ಬರೆದರೆ 440 ಪುಟ ದಾಟುತ್ತದೆ. ಅದನ್ನು ಅಚ್ಚು ಹಾಕಿಸುವ ಖರ್ಚು ಕೇಳಿದ ಮೇಲೆ ಯಾರೂ ಆ ಗುರಿ ಇಟ್ಟುಕೊಳ್ಳುವುದಿಲ್ಲ.

ಈಗ ದಿನದ ಲೆಕ್ಕ. ಇಲ್ಲಿ ನಾನು ಮಾಡಿದ್ದು ಒಂದೇ ಕೆಲಸ: ಗುರಿ ಇಡುವ ಮೊದಲು ಎರಡು ವಾರ ಗುರಿಯೇ ಇಲ್ಲದೆ ಬರೆದೆ, ಎಣಿಸಿಟ್ಟೆ. ಆ ಹದಿನಾಲ್ಕು ದಿನದ ಅಂಕಿ ಇವು: 620, 0, 410, 380, 0, 540, 900, 290, 0, 450, 330, 480, 0, 510. ಒಟ್ಟು 4,910. ಬರೆದ ದಿನ ಹತ್ತು, ಸೊನ್ನೆ ನಾಲ್ಕು. ಸರಾಸರಿ ತೆಗೆದರೆ ಆ 900 ಮೋಸ ಮಾಡುತ್ತದೆ. ಹಾಗಾಗಿ ಬರೆದ ಹತ್ತು ದಿನದ ಅಂಕಿಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ಜೋಡಿಸಿ ನಡುವಿನದನ್ನು ನೋಡಿದೆ: 450 ಮತ್ತು 480ರ ಮಧ್ಯೆ ಬಂತು. ಕೆಳಗಿನದನ್ನು ಹಿಡಿದೆ, 450. ಎರಡು ವಾರಕ್ಕೆ ಹತ್ತು ದಿನ ಬರೆದಿದ್ದೇನೆ, ಹಾಗಾದರೆ ವಾರಕ್ಕೆ ಐದು ದಿನ. ವಾರಕ್ಕೆ 2,250. ನಲವತ್ತು ಸಾವಿರಕ್ಕೆ 18 ವಾರ. ಮೇಲೆ ಎರಡು ವಾರ ಖಾಲಿ ಬಿಟ್ಟು 20 ವಾರ ಅಂತ ಕ್ಯಾಲೆಂಡರಿನಲ್ಲಿ ಗೆರೆ ಎಳೆದೆ.

ಆ ಪಟ್ಟಿಯನ್ನು ಇನ್ನೊಮ್ಮೆ ನೋಡಿ. 900 ಬರೆದ ಮಾರನೇ ದಿನ 290, ಅದರ ಮಾರನೇ ದಿನ ಸೊನ್ನೆ. ಮೂರು ದಿನಕ್ಕೆ 1,190, ಅಂದರೆ ದಿನಕ್ಕೆ 400 ಕೂಡ ಇಲ್ಲ. ಕೈ ನೋವಲ್ಲ ಕಾರಣ. ಮನಸ್ಸಿನಲ್ಲಿ ಕಟ್ಟಿಟ್ಟುಕೊಂಡಿದ್ದ ದೃಶ್ಯ ಒಂದೇ ಏಟಿಗೆ ಖರ್ಚಾಗಿ, ಮುಂದಿನದು ಇನ್ನೂ ತಯಾರಿರುವುದಿಲ್ಲ. ಅದಕ್ಕೇ ಕನಿಷ್ಠಕ್ಕಿಂತ ಗರಿಷ್ಠ ಮುಖ್ಯ ಅನ್ನುತ್ತೇನೆ. 650 ಆಯಿತೆಂದರೆ ವಾಕ್ಯದ ನಡುವೆ ಇದ್ದರೂ ನಿಲ್ಲಿಸುವುದು. ನಿಲ್ಲಿಸುವ ಮೊದಲು ನಾಳೆಗೆ ಅಂತ ಒಂದು ಸಾಲು ಬರೆದಿಡುತ್ತೇನೆ. ಅದು ಎಂಥ ಸಾಲು ಅನ್ನುವುದನ್ನು ಇಲ್ಲಿ ಹೇಳುವುದಿಲ್ಲ, ಕೆಲವು ನನ್ನ ಹತ್ತಿರವೇ ಇರಲಿ.

ರಜೆ ಹಾಕಿ ಬರೆಯುವ ಪ್ರಯೋಗವೂ ಆಗಿದೆ, ಎರಡನೇ ಸಲ ಕೆಟ್ಟಾಗ. ಒಂದು ವಾರ ಸಂಬಳವಿಲ್ಲದ ರಜೆ, ಸುಮಾರು ಹದಿನಾಲ್ಕು ಸಾವಿರ ಹೋಯಿತು. ಆ ವಾರ 5,200 ಪದ ಬಂತು, ಮುಂದಿನ ವಾರ 800. ಎರಡೂ ಸೇರಿ 6,000. ಈಗಿನ ನಿಧಾನದ ಲೆಕ್ಕದಲ್ಲಿ ಎರಡು ವಾರಕ್ಕೆ 4,500 ಹೇಗೂ ಬರುತ್ತದೆ. ಹೆಚ್ಚಿಗೆ ಸಿಕ್ಕಿದ್ದು 1,500 ಪದ, ಪದಕ್ಕೆ ಒಂಬತ್ತು ರೂಪಾಯಿ ಚಿಲ್ಲರೆ. ನನಗೆ ಇವತ್ತಿನವರೆಗೆ ಯಾವ ಪ್ರಕಾಶಕರೂ ಪದಕ್ಕೆ ಅದರ ಕಾಲು ಭಾಗ ಕೊಟ್ಟಿಲ್ಲ.

ಎಣಿಸುವುದರಲ್ಲೂ ಕನ್ನಡಕ್ಕೆ ಒಂದು ತೊಡಕಿದೆ. ಕಂಪ್ಯೂಟರ್ ಎಣಿಸುವುದು ಪದವನ್ನಲ್ಲ, ನಡುವಿನ ಜಾಗವನ್ನು. "ಬಂದುಬಿಟ್ಟಿದ್ದಾನೆ" ಒಂದು, "ಬಂದು ಬಿಟ್ಟಿದ್ದಾನೆ" ಎರಡು. ಸುಸ್ತಾದ ದಿನ ಕೈ ತಾನಾಗಿ ಬಿಡಿಸಿ ಬರೆಯುತ್ತದೆ, ಸಂಖ್ಯೆ ಏರುತ್ತದೆ, ಕಥೆ ಏರುವುದಿಲ್ಲ. ಫೋನಿಗೆ ಬಾಯಲ್ಲಿ ಹೇಳಿ ಬರೆಸಿದಾಗ ಇದು ಅತಿಯಾಯಿತು. ಅರ್ಧ ಗಂಟೆಯಲ್ಲಿ ಸಾವಿರ ಪದ ಅಂತ ಹಿಗ್ಗಿದ್ದೆ. ಬಿಡಿಸಿದ್ದನ್ನೆಲ್ಲ ಕೂಡಿಸಿ, ಅದು ತಪ್ಪು ಕೇಳಿಸಿಕೊಂಡಿದ್ದನ್ನು ತೆಗೆದ ಮೇಲೆ ಉಳಿದದ್ದು 800ರ ಹತ್ತಿರ, ತಿದ್ದಲು ಹಿಡಿದದ್ದು ಮುಕ್ಕಾಲು ಗಂಟೆ. ಪೂರ್ಣವಿರಾಮ ಒಂದೂ ಇರಲಿಲ್ಲ. ಸಂಭಾಷಣೆಗೆ ಮಾತ್ರ ಅದನ್ನು ಈಗಲೂ ಬಳಸುತ್ತೇನೆ. ಹಳ್ಳಿ ಮಾತು ಬಾಯಲ್ಲಿ ಹೇಳಿದಾಗ ಬರುವ ಲಯ ಟೈಪಿಸುವಾಗ ಬರುವುದಿಲ್ಲ.

ಕೈಬರಹಕ್ಕೂ ಒಂದು ಕೈ ನೋಡಿದೆ. ಅರವತ್ತು ಪುಟ ಬರೆದು ಡಿಟಿಪಿಯವರಿಗೆ ಕೊಟ್ಟಾಗ ಪುಟಕ್ಕೆ ಮೂವತ್ತರ ಲೆಕ್ಕದಲ್ಲಿ 1,800 ರೂಪಾಯಿ ಆಯಿತು. ಬರೆಯುವುದೇನೋ ಸಲೀಸು. ಆದರೆ ಎಷ್ಟು ಪದ ಆಯಿತು ಅನ್ನುವುದು ಅವರು ಟೈಪ್ ಮಾಡಿ ಕೊಟ್ಟ ಮೇಲೇ ಗೊತ್ತಾಗುವುದು, ಅಷ್ಟರಲ್ಲಿ ಹತ್ತು ದಿನ ಕಳೆದಿರುತ್ತದೆ. ದಿನದ ಗುರಿಗೆ ಆ ದಾರಿ ಆಗಿಬರಲಿಲ್ಲ.

ಲೆಕ್ಕದ ಪುಸ್ತಕದಲ್ಲಿ ಮೂರೇ ಕಾಲಂ: ತಾರೀಕು, ಶುರುವಿನ ಒಟ್ಟು, ಮುಗಿದಾಗಿನ ಒಟ್ಟು. ಅಧ್ಯಾಯಕ್ಕೊಂದು ಯುನಿಕೋಡ್ ಕಡತ ಇಟ್ಟುಕೊಂಡು, ಲಿನಕ್ಸ್‌ನಲ್ಲಿ ಒಂದೇ ಆಜ್ಞೆಯಿಂದ ಒಟ್ಟು ತೆಗೆಯುತ್ತೇನೆ:

```
wc -w adhyaya-*.txt hora.txt
```

ಆ `hora.txt` ಅಂದರೆ ಹೊರಗಿಟ್ಟದ್ದು. ಬೇಡವೆನಿಸಿದ ಪ್ಯಾರಾವನ್ನು ಅಳಿಸುವುದಿಲ್ಲ, ಕತ್ತರಿಸಿ ಅಲ್ಲಿ ಹಾಕುತ್ತೇನೆ, ಅದೂ ಆ ದಿನದ ಕೆಲಸವೆಂದೇ ಎಣಿಕೆಗೆ ಸೇರುತ್ತದೆ. ಇದಿಲ್ಲದಿದ್ದಾಗ ಒಂದು ದಿನ 400 ಬರೆದು 500 ಅಳಿಸಿದ್ದೆ. ಲೆಕ್ಕ ಮೈನಸ್ ನೂರು ತೋರಿಸಿತು. ಮಾರನೇ ದಿನ ಕಡತವನ್ನೇ ತೆರೆಯಲಿಲ್ಲ. ನಲವತ್ತು ಸಾವಿರದ ಗುರಿಗೆ ಮಾತ್ರ ಅಧ್ಯಾಯಗಳ ಮೊತ್ತವೇ ಲೆಕ್ಕ.

ಬಿಟ್ಟುಹೋದ ಪದಗಳನ್ನು ನಾಳೆಗೆ ಸಾಲವಾಗಿ ಹೊರಿಸಬಾರದು. ಸೋಮವಾರ ಬರೆಯದಿದ್ದರೆ ಮಂಗಳವಾರ 900 ಅಲ್ಲ, ಮಂಗಳವಾರವೂ 450. ವಾರದಲ್ಲಿ ಎರಡು ದಿನ ಬಿಡುವು ಇದ್ದೇ ಇದೆ, ಅದರಲ್ಲಿ ತುಂಬಿದರೆ ತುಂಬಿತು. ಭಾನುವಾರ ರಾತ್ರಿ ವಾರದ ಲೆಕ್ಕ ಮುಗಿಯಿತು, ಬಾಕಿ ಮನ್ನಾ.

ಶುರುಮಾಡಿದ್ದು ಆಷಾಢದಲ್ಲಿ, ಬೇಕೆಂದೇ. ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ಭಾನುವಾರಗಳು ಪೂರ್ತಿ ಸಿಗುತ್ತವೆ. ಮೊದಲ ನಾಲ್ಕು ವಾರ ಒಂದೂ ತಪ್ಪಲಿಲ್ಲ. ಶ್ರಾವಣ ಬಂದ ಮೇಲೆ ವಾರಕ್ಕೊಂದು ಹಬ್ಬ, ಒಂಬತ್ತನೇ ವಾರದಲ್ಲಿ ಗೌರಿ ಗಣೇಶ. ಅದೇ ಹೊತ್ತಿಗೆ ಕಾದಂಬರಿಯ ನಡುಭಾಗವೂ ಬಂತು. ಪಾತ್ರಗಳ ಪರಿಚಯ ಮುಗಿದಿದೆ, ಕೊನೆ ಇನ್ನೂ ದೂರ. ದಿನದ ಅಂಕಿ 300ಕ್ಕೆ ಇಳಿಯಿತು.

ಇಂಥ ಕಡೆ ಅಂಕಿ ಇಳಿಯುವುದಕ್ಕಿಂತ ಸುಳ್ಳು ಏರಿಕೆಯೇ ಹೆಚ್ಚು ಅಪಾಯ. ಪಾತ್ರಗಳು ಕಾಫಿ ಕುಡಿಯುತ್ತಾ ಕೂರುತ್ತವೆ. "ಹೌದಾ", "ಹೂಂ", "ಮತ್ತೆ?" ಅನ್ನುವ ಸಾಲುಗಳೇ ಅರ್ಧ ಪುಟ. 450 ಆಗಿರುತ್ತದೆ, ಕಥೆ ಜಗಲಿ ಬಿಟ್ಟು ಎದ್ದಿರುವುದಿಲ್ಲ. ಇದನ್ನು ಹಿಡಿಯುವುದಕ್ಕೆ ನನ್ನ ಬಳಿ ಇದ್ದದ್ದು ದೃಶ್ಯಕ್ಕೊಂದರಂತೆ ಬರೆದಿಟ್ಟ ಚೀಟಿ. ನಲವತ್ತು ಚೀಟಿ, ಒಂದಕ್ಕೆ ಸರಿಸುಮಾರು 1,000 ಪದ, ಅಂದರೆ ಎರಡು ದಿನಕ್ಕಿಂತ ತುಸು ಹೆಚ್ಚಿನ ಕೆಲಸ. ಒಂದೇ ಚೀಟಿ ಮೇಜಿನ ಮೇಲೆ ನಾಲ್ಕನೇ ದಿನವೂ ಬಿದ್ದಿದ್ದರೆ ಅಲ್ಲಿ ಕಾಫಿ ನಡೆಯುತ್ತಿದೆ ಅಂತಲೇ ಅರ್ಥ. ಅಂಥ ದಿನ ಬರೆಯುವುದಿಲ್ಲ, ಆ ಚೀಟಿಯ ಹಿಂದೆ "ಇಲ್ಲಿ ಯಾರು ಏನು ಕಳೆದುಕೊಳ್ಳುತ್ತಾರೆ" ಅಂತ ಒಂದು ಸಾಲು ಬರೆಯುತ್ತೇನೆ. ಉತ್ತರ ಸಿಗದಿದ್ದರೆ ಚೀಟಿ ಹರಿದು ಮುಂದಿನದಕ್ಕೆ. ಹಾಗೆ ಹರಿದದ್ದು ಮೂರು. ಬದಲಿಗೆ ಆಮೇಲೆ ನಾಲ್ಕು ಹೊಸದು ಹುಟ್ಟಿದವು.

ಒಂಬತ್ತನೇ ವಾರದ ಕೊನೆಗೆ ಇರಬೇಕಾದದ್ದು 20,250, ಇದ್ದದ್ದು 16,900. ಉಳಿದ 23,100 ಪದವನ್ನು ಒಂಬತ್ತು ವಾರಕ್ಕೆ ಹಂಚಿದರೆ ದಿನಕ್ಕೆ 513. ಬರೀ ಅರವತ್ತು ಪದ ಹೆಚ್ಚು ತಾನೇ ಅನ್ನಿಸುತ್ತದೆ, ನನಗೂ ಅನ್ನಿಸಿತ್ತು. ಆದರೆ 300ಕ್ಕೆ ಇಳಿದಿರುವ ಹೊತ್ತಿನಲ್ಲಿ 513 ಅಂದರೆ ದಿನಾ ಸೋಲು. ಖಾಲಿ ಬಿಟ್ಟಿದ್ದ ಎರಡು ವಾರವನ್ನು ಸೇರಿಸಿ ಹನ್ನೊಂದು ವಾರಕ್ಕೆ ಹಂಚಿದೆ: ವಾರಕ್ಕೆ 2,100, ದಿನಕ್ಕೆ 420. ಗುರಿ ಏರುವ ಬದಲು ಇಳಿಯಿತು. ಹನ್ನೆರಡನೇ ವಾರದಿಂದ ಅಂಕಿ ತಾನಾಗಿ 450 ದಾಟಿತು, ದಸರೆಯ ವಾರ ಪೂರ್ತಿ ಸೊನ್ನೆಯಾದರೂ ತಡೆದುಕೊಂಡಿತು. ಇಪ್ಪತ್ತನೇ ವಾರದ ಬುಧವಾರ 41,000 ಚಿಲ್ಲರೆಗೆ ನಿಂತಿತು. ಹೊರಗಿಟ್ಟ ಕಡತದಲ್ಲಿ ಬೇರೆ ಮೂರು ಸಾವಿರವಿತ್ತು.

ಈಗ ಮುಂದಿನದಕ್ಕೆ ಮತ್ತೆ ಎರಡು ವಾರ ಎಣಿಸಿದ್ದೇನೆ. ಆಫೀಸಿನ ಹೊತ್ತು ಬದಲಾಗಿದೆ, ಬೆಳಗಿನ ಒಂದು ಗಂಟೆ ಕೈಬಿಟ್ಟಿದೆ. ನಡುವಿನ ಅಂಕಿ 370ಕ್ಕೆ ಬಂತು, ವಾರಕ್ಕೆ ನಾಲ್ಕೇ ದಿನ. ಈ ಸಲದ್ದು 150 ಪುಟದ ಕಿರುಕಾದಂಬರಿ, 27,000 ಪದ. 18 ವಾರ ಮತ್ತು ಒಂದು ದಿನ ಬರುತ್ತದೆ, ಖಾಲಿ ವಾರ ಎರಡರ ಬದಲು ಮೂರು ಬಿಟ್ಟಿದ್ದೇನೆ.