ಅಕ್ಕಿಯನ್ನು ಮೂರು ಪಾಲು ಮಾಡಿ ಕುದಿಸಿದ ಮೇಲೆ ದಮ್ ಸರಿಹೋಯಿತು: ನನ್ನ ಅನುಭವ

ಐದು ಕೆಜಿ ಅಕ್ಕಿಯ ದಮ್ ಬಿರಿಯಾನಿ ದಾವಣಗೆರೆಯಲ್ಲಿ ಬೇಕಾದಷ್ಟು ಜನ ಚೆನ್ನಾಗಿ ಮಾಡುತ್ತಾರೆ. ಒಂದೇ ದೇಗ್‌ಗೆ 15 ಕೆಜಿ ಅಕ್ಕಿ, 18 ಕೆಜಿ ಕೋಳಿ ಹಾಕಿದಾಗ ಗೊತ್ತಾಗುತ್ತೆ ಕಷ್ಟ. ನಾನು ಹೇಳುತ್ತಿರುವುದು ಹಸಿ ಕೋಳಿ ಮೇಲೆ ಅನ್ನ ಹಾಕುವ ಕಚ್ಚಿ ದಮ್.

ಹರಿಹರದ ಕಡೆ ಒಂದು ಮದುವೆಯಲ್ಲಿ ಸರಿಯಾಗಿ ಪೆಟ್ಟು ತಿಂದೆ. ಮುಚ್ಚಳ ತೆಗೆದರೆ ಮೇಲಿನ ಅನ್ನ ಹಲ್ಲಿಗೆ ಕಟ್ ಅನ್ನುತ್ತಿತ್ತು, ಕೆಳಗಿನದು ಮುದ್ದೆ. ಬಾಕಿ ಹಣದಲ್ಲಿ ಎಂಟು ಸಾವಿರದ ಹತ್ತಿರ ಹಿಡಿದುಕೊಂಡರು. ಮುಂದಿನ ಸಲ ಮುಚ್ಚಳದ ಮೇಲೆ ಎರಡರಷ್ಟು ಜಾಲಿ ಕೆಂಡ ಸುರಿದೆ. ಮೇಲಿನ ಅನ್ನ ಒಣಗಿತೇ ಹೊರತು ಬೇಯಲಿಲ್ಲ.

ತಪ್ಪು ಬುಟ್ಟಿಯಲ್ಲಿತ್ತು. ಹದಿನೈದು ಕೆಜಿ ಅಕ್ಕಿಯನ್ನು ಒಟ್ಟಿಗೆ ಕುದಿಸಿ, ಜಾಲರಿ ಸೌಟಿನಲ್ಲಿ ಎತ್ತಿ ಬುಟ್ಟಿಗೆ ಬಸಿಯುತ್ತಿದ್ದೆವು. ಎತ್ತುವುದಕ್ಕೇ ಆರೇಳು ನಿಮಿಷ. ಮೊದಲು ಎತ್ತಿದ್ದು ಕಡಿಮೆ ಬೆಂದದ್ದು, ಅದು ಬುಟ್ಟಿಯ ತಳಕ್ಕೆ. ಕೊನೆಗೆ ಎತ್ತಿದ್ದು ಜಾಸ್ತಿ ಬೆಂದದ್ದು, ಅದು ಬುಟ್ಟಿಯ ಮೇಲೆ. ದೇಗ್‌ಗೆ ಹಾಕುವಾಗ ಬುಟ್ಟಿಯ ಮೇಲಿನದೇ ಮೊದಲು ಹೋಗುತ್ತೆ ಅಲ್ವಾ? ಹಾಗಾಗಿ ಜಾಸ್ತಿ ಬೆಂದ ಅನ್ನ ಕೋಳಿಯ ನೀರಿನ ಮೇಲೆ ಕೂತಿತು, ಕಡಿಮೆ ಬೆಂದದ್ದು ಆವಿ ಕಡಿಮೆ ಸಿಗುವ ಮೇಲ್ಗಡೆ ಹೋಯಿತು. ಬೇಕಾಗಿದ್ದದ್ದು ಇದಕ್ಕೆ ತದ್ವಿರುದ್ಧ.

ಬುಟ್ಟಿ ಬಿಟ್ಟು ನೇರವಾಗಿ ದೇಗ್‌ಗೆ ಎತ್ತಿ ಹಾಕಿ ನೋಡಿದೆ. ಸ್ವಲ್ಪ ಸುಧಾರಿಸಿತು. ಆದರೆ ಅಷ್ಟೊಂದು ನೆನೆದ ಅಕ್ಕಿ ಒಟ್ಟಿಗೆ ಬಿದ್ದಾಗ ನೀರಿನ ಕುದಿ ಸತ್ತು ಹೋಗುತ್ತೆ. ಮತ್ತೆ ಕುದಿ ಬರುವಷ್ಟರಲ್ಲಿ ಅಕ್ಕಿ ಸುಮ್ನೆ ಬಿಸಿನೀರಲ್ಲಿ ಊದಿಕೊಂಡು ಮೈಯೆಲ್ಲ ಅಂಟು.

ಆಮೇಲೆ ಐದೈದು ಕೆಜಿಯಂತೆ ಮೂರು ಸಲ ಕುದಿಸಲು ಶುರು ಮಾಡಿದೆ. ನಾನು ಕೆಲಸ ಕಲಿತ ಚಾಚಾ ನೋಡಿ, “ಏನ್ ತಮ್ಮಾ, ಮೂರ್ ಸಲ ಅಕ್ಕಿ ಕುದಿಸ್ಕೊಂತ ಕುಂತ್ರೆ ಜನ ಉಣ್ಣೋದ್ ಯಾವಾಗ?” ಅಂದರು. ಜಾಸ್ತಿ ಹಿಡಿಯುವುದು ಕಾಲು ಗಂಟೆ, ಅಷ್ಟೇ.

ಬಾಸುಮತಿ ಅರ್ಧ ಗಂಟೆ ನೆನೆದಿರಬೇಕು. ಮೂರು ಪಾಲನ್ನೂ ಒಟ್ಟಿಗೆ ನೆನೆಸಬೇಡಿ, ಹತ್ತು ನಿಮಿಷ ಹಿಂದೆ ಮುಂದೆ ನೆನೆಸಿ. ಐದು ಕೆಜಿಗೆ ಎರಡು ಕೊಡಕ್ಕಿಂತ ಸ್ವಲ್ಪ ಜಾಸ್ತಿ ನೀರು, ಕೊಡಕ್ಕೆ ಎರಡೂವರೆ ಹಿಡಿ ಕಲ್ಲುಪ್ಪು. ಬಾಯಿಗೆ ಹಾಕಿದರೆ ಸಾರಿಗಿಂತ ಉಪ್ಪು ಅನಿಸಬೇಕು. ಕೋಳಿ ಐಸ್‌ನಿಂದ ತೆಗೆದ ಹಾಗೇ ತಣ್ಣಗಿದ್ದರೆ ಮೂಳೆ ಹತ್ತಿರ ಹಸಿ ಉಳಿಯುತ್ತೆ. ಅದಕ್ಕೇ ಮಸಾಲೆ ಹಚ್ಚಿದ ಕೋಳಿಯ ದೇಗನ್ನು ಮೊದಲೇ ಒಲೆಗೇರಿಸಿ, ಅಂಚಿನಲ್ಲಿ ಗುಳ್ಳೆ ಬಂದ ಮೇಲೆ ಉರಿ ಇಳಿಸುತ್ತೇನೆ.

ಮೊದಲ ಪಾಲು, ಮತ್ತೆ ಕುದಿ ಬಂದ ಮೇಲೆ ಸುಮಾರು ನಾಲ್ಕು ನಿಮಿಷ. ಅಗುಳನ್ನು ಹೆಬ್ಬೆರಳಲ್ಲಿ ಒತ್ತಿದರೆ ಮೂರು ತುಂಡಾಗಬೇಕು, ನಡುವೆ ಗಟ್ಟಿ ಬಿಳಿ ಎಳೆ ಕಾಣಬೇಕು. ಎತ್ತಿ ನೇರ ಕೋಳಿ ಮೇಲೆ ಹರಡಿ ತಟ್ಟೆ ಮುಚ್ಚುತ್ತೇನೆ. ಉಳಿದ ಪಾಲು ಬೇಯುವಾಗ ಇದು ಕೋಳಿಯ ಬಿಸಿಗೆ ಬೇಯುತ್ತಲೇ ಇರುತ್ತೆ, ಅದಕ್ಕೇ ಇಷ್ಟು ಹಸಿ. ಎರಡನೆಯದು ಐದೂವರೆ ನಿಮಿಷ, ನಡುವೆ ಚುಕ್ಕಿಯಷ್ಟು ಗಟ್ಟಿ. ಮೂರನೆಯದು ಏಳು ನಿಮಿಷ, ಬೆರಳಲ್ಲಿ ಹೆಚ್ಚುಕಮ್ಮಿ ಚಪ್ಪಟೆಯಾಗಬೇಕು. ಅಕ್ಕಿ ಹೊಸದಾದರೆ ಎಲ್ಲದಕ್ಕೂ ಅರ್ಧ ನಿಮಿಷ ಕಡಿಮೆ ಮಾಡಿ. ಮೇಲೆ ತುಪ್ಪ, ಕೇಸರಿ ಹಾಲು, ಕರಿದ ಈರುಳ್ಳಿ. ಈರುಳ್ಳಿ ಜೊತೆ ಇನ್ನೊಂದು ಸಾಮಾನು ಹಾಕುತ್ತೇನೆ, ಅದು ನನ್ನ ಹತ್ತಿರವೇ ಇರಲಿ.

ಮುಚ್ಚಳ ಹಾಕಿ ದೇಗ್‌ನ ಅಂಚಿಗೆ ಮೆತ್ತುವ ಕಣಕಕ್ಕೆ ಒಂದೂವರೆ ಕೆಜಿ ಮೈದಾ, ಚಪಾತಿ ಹಿಟ್ಟಿಗಿಂತ ಗಟ್ಟಿ. ಅಂಚು ಒಣಬಟ್ಟೆಯಲ್ಲಿ ಒರೆಸದಿದ್ದರೆ ತುಪ್ಪಕ್ಕೆ ಜಾರಿ, ಆವಿ ಒಂದೇ ಕಡೆ ಸೋರುತ್ತೆ. ಆ ಪಕ್ಕದ ಅನ್ನ ಹಸಿ ಉಳಿಯುವುದು ಖಂಡಿತ. ಫಾಯಿಲ್ ಹಾಕಿಯೂ ನೋಡಿದ್ದೇನೆ. ದೊಡ್ಡ ಮುಚ್ಚಳಕ್ಕೆ ಅದು ನಿಲ್ಲುವುದಿಲ್ಲ.

ಜೋರು ಉರಿ ಕಾಲು ಗಂಟೆ. ಕಣಕ ಉಬ್ಬಿ ಅಲ್ಲಲ್ಲಿ ಆವಿ ತಳ್ಳತೊಡಗಿದರೆ ಕಟ್ಟಿಗೆ ಎಳೆದು, ತಳಕ್ಕೆ ಕೆಂಡ ತೆಳ್ಳಗೆ ಹರಡಿ, ಮುಚ್ಚಳದ ಮೇಲೂ ಎರಡು ಸಲಿಕೆ ಹಾಕಿ 45 ನಿಮಿಷ ಬಿಡುತ್ತೇನೆ. ಆಮೇಲೆ ಕೆಂಡ ತೆಗೆದು 20 ನಿಮಿಷ ಮುಟ್ಟುವುದಿಲ್ಲ.

ನಮ್ಮ ಭದ್ರಾ ಕಾಲುವೆ ಕಡೆಯ ಸೋನಾ ಮಸೂರಿಯಲ್ಲೂ ಮಾಡಿ ನೋಡಿದೆ, ಅರ್ಧ ಖರ್ಚೂ ಆಗುವುದಿಲ್ಲ. ನಾಲ್ಕು ಕೆಜಿವರೆಗೆ ರುಚಿ ಸೊಗಸಾಗಿ ಬಂತು. ಹದಿನೈದು ಕೆಜಿಗೆ ಮೇಲಿನ ಭಾರಕ್ಕೇ ಕೆಳಗಿನದು ಗಂಟು ಕಟ್ಟಿತು, ಸುಮಾರು 1,200 ರೂಪಾಯಿ ಅಕ್ಕಿ ಹೋಯಿತು.

ಈಗ ಇಪ್ಪತ್ತಕ್ಕೂ ಹೆಚ್ಚು ದೇಗ್ ಇದೇ ಲೆಕ್ಕದಲ್ಲಿ ಇಳಿಸಿದ್ದೇನೆ, ಒಂದೂ ವಾಪಸ್ ಮಾತು ಬಂದಿಲ್ಲ. ಚಾಚಾ ಒಂದು ಮದುವೆಗೆ ಬಂದು ತಟ್ಟೆಯಲ್ಲಿ ಮೇಲಿನ ಅನ್ನ ಒಂದು ಕಡೆ, ತಳದ್ದು ಒಂದು ಕಡೆ ಹಾಕಿಸಿಕೊಂಡು ಎರಡನ್ನೂ ಒತ್ತಿ ನೋಡಿದರು. ಮರುವಾರ ಫೋನ್ ಮಾಡಿ, “ಎರಡನೇ ಪಾಲು ಎಷ್ಟ್ ನಿಮಿಷ ಅಂದಿ?” ಅಂತ ಕೇಳಿದರು.