ಟೈಲರ್ ಅಂಗಡಿಯ ಆನ್‌ಲೈನ್ ಜಾಹೀರಾತು: ಸ್ಕ್ರೀನ್‌ಶಾಟ್ ಓದುವುದು ಹೇಗೆ?

ಫೇಸ್‌ಬುಕ್, ಇನ್‌ಸ್ಟಾಗ್ರಾಮ್‌ನಲ್ಲಿ ಜಾಹೀರಾತು ಹಾಕಿಕೊಡುವವರು ವಾರ ಮುಗಿದ ಮೇಲೆ ಅಂಗಡಿಯವರಿಗೆ ಒಂದು ಸ್ಕ್ರೀನ್‌ಶಾಟ್ ಕಳಿಸುತ್ತಾರೆ. ಜೊತೆಗೆ ‘ಒಳ್ಳೆ ರಿಸಲ್ಟ್ ಬಂದಿದೆ ಮೇಡಂ’ ಅಂತ ಒಂದು ಸಾಲು. ಅದರಲ್ಲಿರುವ ಅಂಕಿಗಳು ಸುಳ್ಳಲ್ಲ. ಆದರೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವ ಅಂಕಿಗೂ ಅಂಗಡಿಗೆ ಬರುವ ಬಟ್ಟೆಗೂ ಅಷ್ಟೇನೂ ನಂಟಿಲ್ಲ.

ತುಮಕೂರಿನ ಒಂದು ಲೇಡೀಸ್ ಟೈಲರ್ ಅಂಗಡಿ ಅಂತಲೇ ಇಟ್ಟುಕೊಳ್ಳೋಣ. ಬ್ಲೌಸ್ ಹೊಲಿಗೆ, ಜೊತೆಗೆ ಆರಿ ವರ್ಕ್. ದಿನಕ್ಕೆ 200 ರೂಪಾಯಿಯಂತೆ ಒಂದು ವಾರ ಜಾಹೀರಾತು ಓಡಿದೆ. ಬಟನ್ ಒತ್ತಿದರೆ ವಾಟ್ಸ್ಆಪ್ ತೆರೆದುಕೊಳ್ಳುತ್ತದೆ. ಸ್ಕ್ರೀನ್‌ಶಾಟ್‌ನಲ್ಲಿ ಹೀಗಿದೆ:

```
Amount spent        ₹1,400
Impressions         28,000
Reach               11,200
Clicks (all)           840
CTR (all)            3.00%
Link clicks            252
Results                 35
Cost per result        ₹40
```

ಮೊದಲು ತಾರೀಖು

ಅಂಕಿಗಳಿಗೆ ಕೈ ಹಾಕುವ ಮುಂಚೆ ಮೇಲಿನ ಮೂಲೆಯಲ್ಲಿರುವ ತಾರೀಖು ನೋಡಿ. ಅದನ್ನು ಕತ್ತರಿಸಿ ಕಳಿಸಿದ್ದರೆ ಪೂರ್ತಿ ಸ್ಕ್ರೀನ್ ಕೇಳಿ ತರಿಸಿಕೊಳ್ಳಿ. 35 ರಿಸಲ್ಟ್ ಒಂದು ವಾರದ್ದೋ ಒಂದು ತಿಂಗಳದ್ದೋ ಗೊತ್ತಾಗದಿದ್ದರೆ ಮುಂದಿನ ಲೆಕ್ಕಕ್ಕೆ ಅರ್ಥವೇ ಇಲ್ಲ.

28,000 ಜನ ನೋಡಿಲ್ಲ

ಇಂಪ್ರೆಶನ್ ಅಂದರೆ ಜಾಹೀರಾತು ಮೊಬೈಲ್ ಪರದೆಯ ಮೇಲೆ ಎಷ್ಟು ಸಲ ಬಂತು ಅನ್ನುವ ಲೆಕ್ಕ. ಬೆರಳಲ್ಲಿ ಸರ್ರನೆ ತಳ್ಳಿ ಮುಂದೆ ಹೋದರೂ ಅದು ಒಂದು ಇಂಪ್ರೆಶನ್ನೇ. ಎಷ್ಟು ಜನಕ್ಕೆ ಮುಟ್ಟಿತು ಅನ್ನುವುದು ರೀಚ್‌ನಲ್ಲಿ ಸಿಗುತ್ತದೆ, ಅದೂ ಅಂದಾಜು. 28,000ವನ್ನು 11,200ರಿಂದ ಭಾಗಿಸಿದರೆ 2.5. ಒಬ್ಬೊಬ್ಬರಿಗೂ ಸರಾಸರಿ ಎರಡೂವರೆ ಸಲ ಕಂಡಿದೆ ಅಂತಾಯಿತು. ವಾರದಿಂದ ವಾರಕ್ಕೆ ಇದು ಏರುತ್ತಾ, ಮೆಸೇಜ್ ಮಾತ್ರ ಇಳಿಯುತ್ತಾ ಹೋದರೆ, ಅದದೇ ಜನಕ್ಕೆ ಅದದೇ ಫೋಟೊ ತೋರಿಸುತ್ತಿದ್ದೀರಿ ಅಂತ ತಿಳಿಯಿರಿ. ಫೋಟೊ ಬದಲಿಸುವ ಹೊತ್ತು ಬಂದಿದೆ.

ಯಾವ ಕ್ಲಿಕ್?

ಜಾಸ್ತಿ ಗೊಂದಲ ಆಗುವುದು ಇಲ್ಲಿ. `Clicks (all)` ಅಂದರೆ ಜಾಹೀರಾತಿನ ಮೇಲೆ ಬಿದ್ದ ಎಲ್ಲ ಬಗೆಯ ಒತ್ತು. ಲೈಕ್ ಕೊಟ್ಟಿದ್ದು, ಫೋಟೊ ದೊಡ್ಡದು ಮಾಡಿ ನೆಕ್ ಡಿಸೈನ್ ನೋಡಿದ್ದು, ಅಂಗಡಿಯ ಹೆಸರು ಒತ್ತಿದ್ದು ಎಲ್ಲವೂ ಇದರಲ್ಲಿ ಸೇರಿವೆ. ಬ್ಲೌಸ್ ಫೋಟೊ ಅಂದಮೇಲೆ ದೊಡ್ಡದು ಮಾಡಿ ನೋಡದೆ ಇರುತ್ತಾರಾ? ಹಾಗಾಗಿ ಟೈಲರ್ ಅಂಗಡಿಗೆ ಈ ಅಂಕಿ ಸುಮ್ನೆ ಉಬ್ಬಿಕೊಂಡಿರುತ್ತದೆ.

ವಾಟ್ಸ್ಆಪ್ ಬಟನ್ ಒತ್ತಿದವರ ಲೆಕ್ಕ `Link clicks` ಸಾಲಿನಲ್ಲಿದೆ, 252. ಸಿಟಿಆರ್ ಅಂದರೆ ನೂರು ಸಲ ಕಂಡರೆ ಎಷ್ಟು ಸಲ ಒತ್ತಿದರು ಎಂಬ ಲೆಕ್ಕ. ಎಲ್ಲ ಕ್ಲಿಕ್ ಸೇರಿಸಿದರೆ 3%. ಲಿಂಕ್ ಕ್ಲಿಕ್ ಮಾತ್ರ ಹಿಡಿದರೆ 252 ÷ 28,000 × 100, ಅಂದರೆ 0.9%. ಎರಡೂ ಸಿಟಿಆರ್‌ಗಳೇ. ಸ್ಕ್ರೀನ್‌ಶಾಟ್‌ನಲ್ಲಿ ಯಾವಾಗಲೂ ದೊಡ್ಡದೇ ಯಾಕಿರುತ್ತದೆ ಅಂತ ನಾನು ಬಿಡಿಸಿ ಹೇಳಬೇಕಿಲ್ಲ. `CTR (link click-through rate)` ಅನ್ನುವ ಕಾಲಂ ಬೇರೆಯೇ ಇದೆ. ಅದನ್ನು ಸೇರಿಸಿ ಕಳಿಸಲು ಹೇಳಿ.

ರಿಸಲ್ಟ್ ಅಂದರೆ ಗಿರಾಕಿ ಅಲ್ಲ

`Results` ಅಂಕಿಯ ಕೆಳಗೆ ಸಣ್ಣ ಅಕ್ಷರದಲ್ಲಿ ಏನಿದೆ ಓದಿ. ಅಲ್ಲಿ `Messaging conversations started` ಅಂತಿದ್ದರೆ, ಅಷ್ಟು ಮಾತುಕತೆ ಶುರುವಾಗಿದೆ ಅಂತ ಅರ್ಥ. `Link clicks` ಅಂತಿದ್ದರೆ ಕಥೆಯೇ ಬೇರೆ. ಆಗ ಇದೇ ಜಾಹೀರಾತು 252 ರಿಸಲ್ಟ್, ಒಂದಕ್ಕೆ 5 ರೂಪಾಯಿ 56 ಪೈಸೆ ಅಂತ ತೋರಿಸುತ್ತದೆ. ಖರ್ಚಾದ ದುಡ್ಡು, ಬಂದ ಜನ ಎಲ್ಲ ಅಷ್ಟೇ, ರಿಸಲ್ಟ್ ಮಾತ್ರ ಅಗ್ಗವಾಗಿ ಕಾಣುತ್ತದೆ.

ನಮ್ಮ ಉದಾಹರಣೆಯಲ್ಲಿ 252 ಸಲ ಬಟನ್ ಒತ್ತಿದರೂ ಶುರುವಾದ ಮಾತುಕತೆ 35. ಉಳಿದವರಲ್ಲಿ ಬಹುಪಾಲು ಜನ ವಾಟ್ಸ್ಆಪ್ ತೆರೆದು, ಮೆಸೇಜ್ ಕಳಿಸದೆ ವಾಪಸ್ ಹೋಗಿರುತ್ತಾರೆ. ಇನ್ನೊಂದು ವಿಷಯ. ಹಳೇ ಗಿರಾಕಿಯೊಬ್ಬರು ಏಳು ದಿನ ಅಥವಾ ಅದಕ್ಕಿಂತ ಜಾಸ್ತಿ ನಿಮ್ಮೊಂದಿಗೆ ಚಾಟ್ ಮಾಡಿರದೆ, ಈಗ ಜಾಹೀರಾತು ಒತ್ತಿ ‘ನನ್ನ ಬ್ಲೌಸ್ ಆಯ್ತಾ?’ ಅಂತ ಕೇಳಿದರೂ ಅದು ಹೊಸ ಮಾತುಕತೆ ಅಂತಲೇ ಎಣಿಕೆಯಾಗುತ್ತದೆ.

ಎರಡು ಜಾಹೀರಾತು ಬಿಡಿಸಿ ನೋಡಿ

ಇಲ್ಲಿಯವರೆಗೆ ನೋಡಿದ್ದು ಒಟ್ಟು ಮೊತ್ತ. ನಿಜವಾದ ಸಂಗತಿ ತಿಳಿಯುವುದು ಈ ಅಂಕಿಗಳು ಸಿಗುವ ಆ್ಯಡ್ಸ್ ಮ್ಯಾನೇಜರ್‌ನಲ್ಲಿ `Ads` ಟ್ಯಾಬ್‌ಗೆ ಹೋದಾಗ. ಅಂಗಡಿಯವರು ಎರಡು ಬಗೆಯ ಜಾಹೀರಾತು ಹಾಕಿದ್ದರು ಅಂದುಕೊಳ್ಳಿ. ಮೊದಲನೆಯದು ಆರಿ ಸೂಜಿಯಲ್ಲಿ ಜರ್ದೋಸಿ ತುಂಬುವುದನ್ನು ಹತ್ತಿರದಿಂದ ತೋರಿಸುವ ರೀಲ್. ಇನ್ನೊಂದು ಸಾದಾ ಫೋಟೊ, ಅದರ ಮೇಲೆ ‘ಲೈನಿಂಗ್ ಬ್ಲೌಸ್ ಹೊಲಿಗೆ ₹550, ಎಸ್.ಎಸ್. ಪುರಂ’ ಅಂತ ಬರೆದಿದೆ.

ರೀಲ್ 18,000 ಸಲ ಕಂಡು 198 ಲಿಂಕ್ ಕ್ಲಿಕ್ ತಂದಿದೆ, ಸಿಟಿಆರ್ 1.1%. ಫೋಟೊ 10,000 ಸಲ ಕಂಡು 54 ಕ್ಲಿಕ್ ತಂದಿದೆ, ಅಂದರೆ 0.54%. ಸಿಟಿಆರ್ ನೋಡಿದರೆ ರೀಲೇ ಗೆದ್ದಿತು ಅಲ್ವಾ? ಈಗ ಕೊನೆಯ ಕಾಲಂ ನೋಡಿ. ರೀಲ್‌ಗೆ 900 ರೂಪಾಯಿ ಖರ್ಚಾಗಿ 18 ಮಾತುಕತೆ ಬಂದಿವೆ, ಒಂದಕ್ಕೆ 50 ರೂಪಾಯಿ. ಫೋಟೊಗೆ 500 ರೂಪಾಯಿ ಖರ್ಚಾಗಿ 17 ಬಂದಿವೆ, ಒಂದಕ್ಕೆ ಸುಮಾರು 29 ರೂಪಾಯಿ.

ಯಾಕೆ ಹೀಗೆ? ಸೂಜಿ ಓಡುವುದನ್ನು ನೋಡುವುದು ಎಲ್ಲರಿಗೂ ಖುಷಿ. ಹೊಲಿಸುವ ಇರಾದೆ ಇಲ್ಲದವರೂ ಒತ್ತುತ್ತಾರೆ. ರೇಟು, ಏರಿಯಾ ಎರಡೂ ಫೋಟೊ ಮೇಲೇ ಇದ್ದರೆ, ಬೇಡದವರು ಅಲ್ಲೇ ಮುಂದೆ ಹೋಗುತ್ತಾರೆ. ಕ್ಲಿಕ್ ಕಡಿಮೆ, ಆದರೆ ಒತ್ತಿದವರಲ್ಲಿ ಮಾತಾಡುವವರು ಜಾಸ್ತಿ. ಸಿಟಿಆರ್ ಬಿದ್ದಿದೆ ಅಂತ ರೇಟು ಅಳಿಸಿ ಹಾಕಲು ಹೇಳಿದರೆ ಒಪ್ಪಬೇಡಿ.

ಹಾಗಂತ 17, 18 ಮಾತುಕತೆ ನೋಡಿ ಇವತ್ತೇ ರೀಲ್ ತೆಗೆದುಹಾಕುವುದೂ ಆತುರವೇ. ಇಷ್ಟು ಸಣ್ಣ ಸಂಖ್ಯೆಯಲ್ಲಿ ನಾಲ್ಕೈದು ಮೆಸೇಜ್ ಅತ್ತಿತ್ತ ಆದರೆ ಲೆಕ್ಕ ತಲೆಕೆಳಗಾಗುತ್ತದೆ. ಇನ್ನೊಂದು ವಾರ ಎರಡಕ್ಕೂ ಬೇರೆ ಬೇರೆ ಆ್ಯಡ್ ಸೆಟ್, ಅಂದರೆ ಬೇರೆ ಬೇರೆ ಬಜೆಟ್ ಇಡಬಹುದಾದ ಗುಂಪು ಮಾಡಿ, ಸಮ ಬಜೆಟ್ ಇಟ್ಟು ನೋಡಿ. ಒಂದೇ ಸೆಟ್‌ನಲ್ಲಿದ್ದರೆ ದುಡ್ಡು ಯಾವುದಕ್ಕೆ ಎಷ್ಟು ಹೋಗಬೇಕು ಅನ್ನುವುದನ್ನು ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ನಡೆಸುವ ಮೆಟಾ ಕಂಪನಿ ತಾನೇ ತೀರ್ಮಾನಿಸುತ್ತದೆ.

ಉಳಿದ ಲೆಕ್ಕ ಅಳತೆ ಪುಸ್ತಕದಲ್ಲಿ

ಅಂಗಡಿಗೆ ಬಂದು ಅಳತೆ ಕೊಟ್ಟವರು ಎಷ್ಟು ಅನ್ನುವುದು ಮೆಟಾಗೆ ಗೊತ್ತಿರುವುದಿಲ್ಲ. ಅದಕ್ಕೆ ಒಂದು ಸುಲಭ ದಾರಿ ಇದೆ. ವಾಟ್ಸ್ಆಪ್ ತೆರೆದಾಗ ಮೊದಲೇ ಬರೆದಿರುವ ಮೆಸೇಜ್ ಇರುತ್ತದಲ್ಲ, ಅದನ್ನು ಎರಡು ಜಾಹೀರಾತಿಗೂ ಬೇರೆ ಬೇರೆ ಇಡಿ. ಒಂದಕ್ಕೆ ‘ಆರಿ ವರ್ಕ್ ಡಿಸೈನ್ ನೋಡಬೇಕಿತ್ತು’, ಇನ್ನೊಂದಕ್ಕೆ ‘ಬ್ಲೌಸ್ ಹೊಲಿಸಬೇಕಿತ್ತು’. ಬಂದವರ ಅಳತೆ ಬರೆಯುವಾಗ ಪಕ್ಕದಲ್ಲಿ ‘ರೀ’ ಅಥವಾ ‘ಫೋ’ ಅಂತ ಗುರುತು ಹಾಕಿಕೊಂಡರೆ ಸಾಕು.

35 ಮಾತುಕತೆಯಲ್ಲಿ 7 ಜನ ಬಟ್ಟೆ ಕೊಟ್ಟರು ಅಂದುಕೊಳ್ಳೋಣ. 1,400 ಭಾಗಿಸು 7, ಒಬ್ಬರಿಗೆ 200 ರೂಪಾಯಿ. `Amount spent`ನಲ್ಲಿ ಜಿಎಸ್‌ಟಿ ಸೇರಿರುವುದಿಲ್ಲ. 18% ಸೇರಿಸಿದರೆ 1,652, ಅಂದರೆ ಒಬ್ಬ ಗಿರಾಕಿಗೆ 236 ರೂಪಾಯಿ. 550 ರೂಪಾಯಿಯ ಬ್ಲೌಸ್‌ನಲ್ಲಿ ಲೈನಿಂಗ್, ಕೆಲಸದವರ ಕೂಲಿ ಕಳೆದು 250 ಉಳಿಯುವುದಾದರೆ, ಒಂದೇ ಬ್ಲೌಸ್ ಕೊಟ್ಟು ಹೋದ ಗಿರಾಕಿಯಿಂದ ಸಿಕ್ಕಿದ್ದು 14 ರೂಪಾಯಿ. ಮೂರು ಬ್ಲೌಸ್ ಕೊಟ್ಟರೆ 514. ಸ್ಕ್ರೀನ್ ಮೇಲಿನ 40 ರೂಪಾಯಿ ದುಬಾರಿಯೋ ಅಗ್ಗವೋ ಅನ್ನುವುದು ಇಲ್ಲಿ ತೀರ್ಮಾನವಾಗುತ್ತದೆ.

ವರಮಹಾಲಕ್ಷ್ಮಿ ಹಬ್ಬದ ಹಿಂದಿನ ವಾರಗಳಲ್ಲಿ ಮಾತ್ರ `Cost per result` ಕಾಲಂ ನಂಬಬೇಡಿ. ಆಗ ಮೆಸೇಜ್ ತಾನಾಗೇ ಜಾಸ್ತಿ ಬಂದು, ಕಾಸ್ಟ್ ಪರ್ ರಿಸಲ್ಟ್ ಚೆನ್ನಾಗಿ ಇಳಿದಿರಬಹುದು. ಆದರೆ ‘ಹಬ್ಬಕ್ಕೆ ಮುಂಚೆ ಆಗಲ್ಲಮ್ಮ’ ಅಂತ ಹೇಳಿ ಕಳಿಸುವ ಪರಿಸ್ಥಿತಿ ಬಂದಿದ್ದರೆ, ಹೊಲಿಗೆ ಕೈ ಬಿಡುವಾಗುವವರೆಗೆ ಜಾಹೀರಾತನ್ನು ಆಫ್ ಮಾಡಿಡಿ.