ಜಿಲ್ಲೆ ಬಿಟ್ಟು ಮಾರ್ಕೆಟ್ ಹಿಡಿದು ಟಾರ್ಗೆಟ್ ಹಂಚಿದ್ದು: ನನ್ನ ಅನುಭವ

ರಾಯಚೂರು, ಕೊಪ್ಪಳ, ಬಳ್ಳಾರಿ, ಹಾವೇರಿ, ದಾವಣಗೆರೆ. ಈ ಐದು ಜಿಲ್ಲೆಗಳಲ್ಲಿ ಬೆಳೆಗೆ ಹೊಡೆಯುವ ಔಷಧಿ ಮತ್ತು ಮೈಕ್ರೋನ್ಯೂಟ್ರಿಯೆಂಟ್ ಮಾರುವ ಹನ್ನೆರಡು-ಹದಿಮೂರು ಹುಡುಗರ ತಂಡ ನನ್ನದು. ಮೂರು ಸೀಸನ್‌ಗಳಿಂದ ಟಾರ್ಗೆಟ್ಟನ್ನು ನನ್ನದೇ ಲೆಕ್ಕದಲ್ಲಿ ಹಂಚುತ್ತಿದ್ದೇನೆ. ಶುರುವಿನಲ್ಲಿ ಹೆಡ್ ಆಫೀಸ್‌ನಲ್ಲಿ ಯಾರೂ ಒಪ್ಪಿರಲಿಲ್ಲ. "ಜಿಲ್ಲೆ ಗಡಿ ದಾಟಿದರೆ ಹುಡುಗರು ಜಗಳ ಆಡಿಕೊಂಡು ಸಾಯ್ತಾರೆ" ಅಂದರು. ಈಗ ಪಕ್ಕದ ಏರಿಯಾದವರು ಅದೇ ಶೀಟ್ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಹಳೆ ಪದ್ಧತಿ ನಿಮಗೆ ಗೊತ್ತೇ ಇದೆ. ಹೋದ ವರ್ಷದ ಬಿಲ್ಲಿಂಗ್ ಮೇಲೆ ಇಪ್ಪತ್ತು ಪರ್ಸೆಂಟ್ ಏರಿಸಿ, ಜಿಲ್ಲೆಗೆ ಇಷ್ಟು ಅಂತ ಹಾಕುವುದು. ಇದರ ಪೆಟ್ಟು ಏನೆಂದು 2021-22ರಲ್ಲಿ ಕಂಡೆವು. ಆ ಸೀಸನ್‌ನಲ್ಲಿ ಮೆಣಸಿನಕಾಯಿಗೆ ಕಪ್ಪು ಥ್ರಿಪ್ಸ್ ಬಂತು. ರೈತರು ವಾರಕ್ಕೆರಡು ಸಲ ಹೊಡೆದರು, ಅಂಗಡಿಗಳಲ್ಲಿ ಮಾಲೇ ಉಳಿಯಲಿಲ್ಲ. ಬಳ್ಳಾರಿ ಕಡೆಯ ಹುಡುಗನ ಬಿಲ್ಲಿಂಗ್ ಹತ್ತಿರ ಹತ್ತಿರ ಎರಡು ಪಟ್ಟಾಯಿತು. ಮುಂದಿನ ವರ್ಷ ಅದರ ಮೇಲೇ ಇಪ್ಪತ್ತು ಪರ್ಸೆಂಟ್ ಏರಿಸಿದರು. ಮುಟ್ಟಲು ಆಗದೆ ಅವನು ಮಾರ್ಚ್ ಕೊನೆಗೆ ಡೀಲರ್‌ಗಳ ಗೋಡೌನಿಗೆ ಮಾಲು ತುಂಬಿದ. ಸೆಪ್ಟೆಂಬರ್‌ನಲ್ಲಿ ಸುಮಾರು 28 ಲಕ್ಷದ ಮಾಲು ವಾಪಸ್ ಬಂತು. ಲಾರಿ ಬಾಡಿಗೆ ನಮ್ಮದು, ಕ್ರೆಡಿಟ್ ನೋಟ್ ನಮ್ಮದು. ಆ ಹುಡುಗ ಕೆಲಸ ಬಿಟ್ಟು ಹೋದ. ಒಳ್ಳೆಯ ಕೆಲಸಗಾರ, ಈಗಲೂ ಬೇಜಾರಾಗುತ್ತದೆ.

ಇನ್ನೊಂದು ರೋಗ ಗಡಿಯದ್ದು. ಕಾರಟಗಿ ಕೊಪ್ಪಳ ಜಿಲ್ಲೆಯಲ್ಲಿದೆ, ಗಂಗಾವತಿ ಹುಡುಗನ ಪಾಲಿಗೆ ಬಿದ್ದಿತ್ತು. ಆದರೆ ಅಲ್ಲಿನ ಸಣ್ಣ ಅಂಗಡಿಗಳು, ಸುತ್ತಲಿನ ಕ್ಯಾಂಪ್‌ಗಳ ದೊಡ್ಡ ರೈತರು ಮಾಲು ಎತ್ತುತ್ತಿದ್ದದ್ದು ಸಿಂಧನೂರಿನ ಹೋಲ್‌ಸೇಲ್ ಅಂಗಡಿಗಳಿಂದ. ಸಿಂಧನೂರು ರಾಯಚೂರು ಜಿಲ್ಲೆ. ಬಿಲ್ ಅಲ್ಲಿ, ಗದ್ದೆ ಇಲ್ಲಿ. "ಸರ, ಡೆಮೊ ಮಾಡೋದು ನಾ, ಇನ್ಸೆಂಟಿವ್ ಅವಂಗ" ಎಂದು ಗಂಗಾವತಿಯವನು ಪ್ರತಿ ಮೀಟಿಂಗ್‌ನಲ್ಲೂ ಹೇಳುತ್ತಿದ್ದ. ಕೊನೆಗೆ ಆ ಕಡೆ ಹೋಗುವುದನ್ನೇ ಬಿಟ್ಟ. ಹೋಗಿ ಏನು ಮಾಡ್ತಾನೆ, ಅಲ್ವಾ?

ನಾನು ಜಿಲ್ಲೆ, ತಾಲೂಕು ಎರಡನ್ನೂ ಪಕ್ಕಕ್ಕಿಟ್ಟೆ. ರೈತ ಔಷಧಿಗೆ ಯಾವ ಊರಿಗೆ ಬರುತ್ತಾನೋ ಅದೇ ಒಂದು ಮಾರ್ಕೆಟ್. ಐದು ಜಿಲ್ಲೆಗೆ ಇಂಥ ನಲವತ್ತರ ಹತ್ತಿರ ಮಾರ್ಕೆಟ್ ಸಿಕ್ಕವು. ಪ್ರತಿ ಮಾರ್ಕೆಟ್ಟಿಗೆ ಬರುವ ಹಳ್ಳಿಗಳ ಪಟ್ಟಿಯನ್ನು ಹುಡುಗರಿಂದಲೇ ಬರೆಸಿದೆ. ಬೆಳೆ ಎಕರೆಯನ್ನು ರೈತ ಸಂಪರ್ಕ ಕೇಂದ್ರಗಳ ಬಿತ್ತನೆ ಲೆಕ್ಕದಿಂದ ತೆಗೆದುಕೊಂಡೆ. ಕಾಲುವೆ ಕೊನೆ ಭಾಗದ ಹಳ್ಳಿಗಳಲ್ಲಿ ಮಾತ್ರ ಆ ಅಂಕಿ ನಂಬಲಿಲ್ಲ. ಮಾನ್ವಿ, ಸಿರವಾರ ಕಡೆ ನೀರು ಮುಟ್ಟದ ವರ್ಷ ಭತ್ತದ ನೆಲದಲ್ಲಿ ಹತ್ತಿ, ಜೋಳ ನಿಂತಿರುತ್ತದೆ. ಅಲ್ಲೆಲ್ಲ ಭತ್ತದ ಎಕರೆಯ ಮೂರರಲ್ಲೊಂದು ಭಾಗ ಕಡಿದೆ.

ಕಾರಟಗಿಯ ಲೆಕ್ಕವನ್ನೇ ನೋಡಿ. ಮಾರ್ಕೆಟ್ಟಿಗೆ ಬರುವ ಹಳ್ಳಿಗಳಲ್ಲಿ ನಮಗೆ ಸಿಕ್ಕಿದ್ದು ಸುಮಾರು 36 ಸಾವಿರ ಎಕರೆ ಮುಂಗಾರು ಭತ್ತ. ರೈತ ಎಕರೆಗೆ ಐದಾರು ಸಾವಿರ ಔಷಧಿಗೆ ಸುರಿಯುತ್ತಾನೆ. ಆದರೆ ಅದರಲ್ಲಿ ನಮ್ಮ ಮಾಲು ಹೊಂದುವುದು ಎರಡು ಸ್ಪ್ರೇಗೆ ಮಾತ್ರ. ಒಂದು ಕಾಂಡ ಕೊರಕಕ್ಕೆ, ಇನ್ನೊಂದು ಜಿಗಿಹುಳುವಿಗೆ. ಎರಡೂ ಸೇರಿ ಎಕರೆಗೆ 700 ರೂಪಾಯಿ ಹಿಡಿದೆ. ಅಲ್ಲಿಗೆ ಎರಡೂವರೆ ಕೋಟಿ. ನಮ್ಮ ಮಾಲು ಮಾರಲು ಕಂಪನಿ ಕೊಡುವ ಪ್ರಿನ್ಸಿಪಲ್ ಸರ್ಟಿಫಿಕೇಟ್ ಲೈಸೆನ್ಸಿನಲ್ಲಿ ಸೇರಿರುವ ಅಂಗಡಿಗಳು ಆ ವ್ಯಾಪಾರದ 60 ಪರ್ಸೆಂಟ್ ಮಾಡುತ್ತವೆ, ಅಂದರೆ ಒಂದೂವರೆ ಕೋಟಿ. ಆ ಅಂಗಡಿಗಳ ಒಳಗೆ ಐದರಲ್ಲಿ ಒಂದು ಪಾಲು ನಮಗೆ ಬರಬೇಕು. ಟಾರ್ಗೆಟ್ 30 ಲಕ್ಷ. ಹಳೆ ಲೆಕ್ಕದಲ್ಲಿ ಅದೇ ಊರಿಗೆ 13 ಲಕ್ಷ ಇತ್ತು, ಅದೂ ಮುಟ್ಟುತ್ತಿರಲಿಲ್ಲ.

30 ಲಕ್ಷ ಎಂದಾಗ ಗಂಗಾವತಿಯವನ ಮುಖ ನೋಡಬೇಕಿತ್ತು. ಆದರೆ ಜೊತೆಗೆ ಇನ್ನೊಂದು ನಿಯಮ ಇಟ್ಟಿದ್ದೆ. ಸಿಂಧನೂರು ಹೋಲ್‌ಸೇಲ್‌ನಿಂದ ಕಾರಟಗಿಗೆ ಹೋದ ಮಾಲಿನಲ್ಲಿ 60 ಪರ್ಸೆಂಟ್ ಹೊಲದಲ್ಲಿ ದುಡಿದವನ ಖಾತೆಗೆ, 40 ಪರ್ಸೆಂಟ್ ಹೋಲ್‌ಸೇಲ್ ನೋಡಿಕೊಂಡು ಹಣ ವಸೂಲಿ ಮಾಡಿದವನ ಖಾತೆಗೆ. ಮೊದಲು ಅರ್ಧ-ಅರ್ಧ ಮಾಡಿ ನೋಡಿದ್ದೆವು, ಹೊಲಕ್ಕೆ ಹೋಗುವವರು ಕಡಿಮೆಯಾದರು. 70-30 ಮಾಡಿದಾಗ ವಸೂಲಿ ನಿಂತಿತು. ಮಾಲು ಎಷ್ಟು ಆ ಕಡೆ ಹೋಯಿತು ಎಂದು ಹೇಗೆ ಪತ್ತೆ ಮಾಡುತ್ತೇನೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಡೀಲರ್‌ಗಳೂ ಇದನ್ನು ಓದುತ್ತಾರೆ. ಆ ಮುಂಗಾರಿನಲ್ಲಿ ಕಾರಟಗಿ 26 ಲಕ್ಷದವರೆಗೆ ಬಂತು, ವಾಪಸಾತಿ ಕಳೆದ ಮೇಲೆ.

ಇಲ್ಲಿ 'ಕಳೆದ ಮೇಲೆ' ಅನ್ನುವುದೇ ಜೀವಾಳ. ನಾನು ಇನ್ಸೆಂಟಿವ್‌ನ ಕಾಲು ಭಾಗ ಸೀಸನ್ ಮುಗಿದು ಅಂಗಡಿ ಸ್ಟಾಕ್ ಎಣಿಸುವ ತನಕ ಹಿಡಿದಿಡುತ್ತೇನೆ. ಶೆಲ್ಫಿನಲ್ಲಿ ಹಳೆ ಬ್ಯಾಚ್ ನಂಬರ್ ಇದ್ದು, ಹೊಸ ಬ್ಯಾಚ್ ಪೆಟ್ಟಿಗೆಯೂ ಒಡೆಯದೆ ಹಿಂದೆ ಕೂತಿದ್ದರೆ ಸುಮ್ನೆ ತುಂಬಿದ ಮಾಲು ಎಂದೇ ಅರ್ಥ. ಹುಡುಗರು ಮೊದಲ ವರ್ಷ ನನ್ನನ್ನು ಚೆನ್ನಾಗಿ ಬೈದುಕೊಂಡರು. ವಾಪಸಾತಿ ಇಪ್ಪತ್ತರ ಮೇಲಿದ್ದದ್ದು ಈಗ ಒಂಬತ್ತು-ಹತ್ತು ಪರ್ಸೆಂಟಿಗೆ ಇಳಿದಿದೆ. ಉಳಿದ ದುಡ್ಡಿನಲ್ಲಿ ಹುಡುಗರ ಪೆಟ್ರೋಲ್ ಭತ್ಯೆ ಏರಿಸಿಕೊಟ್ಟೆ.

ತಿಂಗಳ ಹಂಚಿಕೆಯನ್ನೂ ಬೆಳೆಗೇ ಬಿಟ್ಟೆ. ರಾಣೆಬೆನ್ನೂರು, ದಾವಣಗೆರೆಯ ಮೆಕ್ಕೆಜೋಳಕ್ಕೆ ಫಾಲ್ ಆರ್ಮಿವರ್ಮ್ ಸ್ಪ್ರೇ ಬಿತ್ತಿದ ಇಪ್ಪತ್ತು-ಇಪ್ಪತ್ತೈದು ದಿನಕ್ಕೆ. ಅಲ್ಲಿನ ಹುಡುಗನ ವರ್ಷ ಹೆಚ್ಚುಕಡಿಮೆ ಜುಲೈನಲ್ಲೇ ತೀರ್ಮಾನ ಆಗುತ್ತದೆ. ಸಿಂಧನೂರಿನವನದು ಸೆಪ್ಟೆಂಬರ್-ಅಕ್ಟೋಬರ್. ಇಬ್ಬರಿಗೂ ತ್ರೈಮಾಸಿಕಕ್ಕೆ ಒಂದೇ ಪಾಲು ಹಾಕಿದರೆ ಒಬ್ಬ ಸುಮ್ಮನೆ ಹೀರೊ, ಇನ್ನೊಬ್ಬ ಸುಮ್ಮನೆ ಕಳ್ಳ. ಮೆಕ್ಕೆಜೋಳದ ಹುಡುಗರನ್ನು ಆಗಸ್ಟ್ ನಂತರ ಭತ್ತದ ಮಾರ್ಕೆಟ್ಟಿಗೆ ಕಳಿಸಿ ನೋಡಿದೆ. ಅದು ನಡೆಯಲಿಲ್ಲ. ರೂಮು, ಊಟದ ಖರ್ಚು ಜಾಸ್ತಿ, ಡೀಲರ್ ಹೊಸಬನಿಗೆ ಚೆಕ್ ಕೊಡುವುದಿಲ್ಲ.

ಇನ್ನೊಂದು ಪ್ರಯೋಗ ಚೆನ್ನಾಗಿ ಬಂತು. ಪ್ರತಿಯೊಬ್ಬನಿಗೂ ಒಂದು ಚೀಟಿ ಕೊಟ್ಟು, ನಿನ್ನದಲ್ಲ, ಪಕ್ಕದವನ ಮಾರ್ಕೆಟ್ಟಿನ ಟಾರ್ಗೆಟ್ ಬರಿ ಎಂದೆ. ಹೆಚ್ಚಿನ ಚೀಟಿಗಳು ನನ್ನ ಲೆಕ್ಕದ ಆಚೀಚೆ ಹತ್ತು ಪರ್ಸೆಂಟಿನಲ್ಲಿ ಬಂದವು. ತುಂಬಾ ದೂರ ಹೋದ ಎರಡು ಮಾರ್ಕೆಟ್‌ಗಳಿಗೆ ನಾನೇ ಹೋಗಿ ನೋಡಿದೆ. ಒಂದರಲ್ಲಿ ಸೊಸೈಟಿಯವರು ಅರ್ಧ ವ್ಯಾಪಾರ ಎತ್ತಿಕೊಂಡಿದ್ದು ನಮ್ಮ ಹುಡುಗನೇ ಹೇಳಿರಲಿಲ್ಲ. ಚೀಟಿಯಿಂದ ಗೊತ್ತಾಯಿತು.

ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಕೆಲಸ ಮಾಡುವವರಿಗೆ ಒಂದು ಮಾತು. 2024ರ ಆಗಸ್ಟ್‌ನಲ್ಲಿ ಡ್ಯಾಮಿನ 19ನೇ ಗೇಟ್ ಕೊಚ್ಚಿಹೋದಾಗ ಡೀಲರ್‌ಗಳು ರಾತ್ರೋರಾತ್ರಿ ಆರ್ಡರ್ ನಿಲ್ಲಿಸಿದರು. ವಾರದಲ್ಲಿ ತಾತ್ಕಾಲಿಕ ಗೇಟ್ ಕೂತಿತು, ವ್ಯಾಪಾರ ಮತ್ತೆ ಎದ್ದಿತು. ಅವತ್ತಿನಿಂದ ಎರಡನೇ ಬೆಳೆಗೆ ಒಂದೇ ಟಾರ್ಗೆಟ್ ಕೊಡುವುದನ್ನು ನಿಲ್ಲಿಸಿದೆ. ಶೀಟಿನಲ್ಲಿ ಎರಡು ಕಾಲಂ: ನೀರು ಬಿಟ್ಟರೆ ಇಷ್ಟು, ಬಿಡದಿದ್ದರೆ ಇಷ್ಟು. ಹೆಡ್ ಆಫೀಸಿನವರು "ಇದು ಹುಡುಗರಿಗೆ ನೆಪ ಕೊಟ್ಟಂಗೆ" ಅಂದರು. ಸಹಿ ಹಾಕಿಸಿಕೊಳ್ಳಲು ಎರಡು ಸಲ ಬೆಂಗಳೂರಿಗೆ ಹೋಗಬೇಕಾಯಿತು. 2025ರ ಕೊನೆಗೆ, ಹೊಸ ಗೇಟ್‌ಗಳನ್ನು ಕೂರಿಸುವ ಕೆಲಸಕ್ಕಾಗಿ ಎರಡನೇ ಬೆಳೆಗೆ ನೀರಿಲ್ಲ ಎಂದು ತೀರ್ಮಾನವಾಯಿತು. ನಮ್ಮಲ್ಲಿ ಯಾರೂ ಫೋನ್ ಮಾಡಿ ಅಳಲಿಲ್ಲ. ಎರಡನೇ ಕಾಲಂ ಜಾರಿಗೆ ಬಂತು. ಭತ್ತಕ್ಕೆ ಎತ್ತಿಟ್ಟಿದ್ದ ಮಾಲನ್ನು ಕಾರ್ಖಾನೆಯಿಂದ ತರಿಸಲೇ ಇಲ್ಲ, ಆ ಹುಡುಗರ ದಿನಗಳನ್ನು ಹಳೇ ಬಾಕಿ ವಸೂಲಿಗೆ ಹಾಕಿದೆ. ಜನವರಿ ಮುಗಿಯುವಷ್ಟರಲ್ಲಿ 40 ಲಕ್ಷದಷ್ಟು ಬಾಕಿ ಬಂತು.

ಒಣಬೇಸಾಯದ ತೊಗರಿ, ಕಡಲೆ ಕಡೆ ಈ ಲೆಕ್ಕ ಇನ್ನೂ ಸರಿ ಕೂರುತ್ತಿಲ್ಲ. ಅಲ್ಲಿ ಸ್ಪ್ರೇ ಎಷ್ಟು ಎಂಬುದನ್ನು ಹೂ ಬಿಡುವ ಹೊತ್ತಿನ ಮೋಡ, ಕಾಯಿ ಕೊರಕ ತೀರ್ಮಾನಿಸುತ್ತವೆ. ಎಕರೆಗೆ 700 ಎಂಬಂಥ ಅಂಕಿ ನಿಲ್ಲುವುದಿಲ್ಲ. ಅಲ್ಲಿ ಕೆಲಸ ಮಾಡುವವರು ಏನು ಹಿಡಿಯುತ್ತೀರಿ, ಹೇಳಿ.